ಕರ್ಮಣಿಯಲ್ಲಿ ಕ್ರಿಯಾಪದ ಯಾರ ಮಾತು ಕೇಳುತ್ತದೆ?

‘ಬೇಟೆಗಾರನು ಹುಲಿಯನ್ನು ಕೊಂದನು.’ ಈ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ಬದಲಿಸಿ ಎಂದರೆ ‘ಬೇಟೆಗಾರನಿಂದ ಹುಲಿಯು ಕೊಲ್ಲಲ್ಪಟ್ಟನು’ ಎಂದು ಬರೆಯುವವರು ಹತ್ತನೆಯ ತರಗತಿಯಲ್ಲೂ ಇದ್ದಾರೆ, ನೇಮಕಾತಿ ಪರೀಕ್ಷೆಗೆ ಕೂರುವ ಪದವೀಧರರಲ್ಲೂ ಇದ್ದಾರೆ. ‘ಇಂದ’ ಸರಿಯಾದ ಜಾಗಕ್ಕೆ ಬಂದಿದೆ, ‘ಅನ್ನು’ ಹೋಗಿದೆ, ‘ಅಲ್ಪಡು’ ಕೂಡ ಸೇರಿದೆ. ಆದರೂ ಉತ್ತರ ತಪ್ಪು. ಹುಲಿ ‘ಕೊಲ್ಲಲ್ಪಟ್ಟಿತು’ ಎಂದಾಗಬೇಕಿತ್ತು. ಬೇಟೆಗಾರನ ‘ಅನು’ ಕ್ರಿಯಾಪದದ ತುದಿಯಲ್ಲಿ ಹಾಗೆಯೇ ಉಳಿದುಬಿಟ್ಟಿತು.

ಶಾಲೆಯ ಕನ್ನಡ ಪತ್ರಿಕೆಯಲ್ಲೂ ಸರ್ಕಾರಿ ನೇಮಕಾತಿಯ ಕನ್ನಡ ಭಾಷಾ ಪ್ರಶ್ನೆಗಳಲ್ಲೂ ಕರ್ತರಿ-ಕರ್ಮಣಿ ಪ್ರಯೋಗ ಮತ್ತೆ ಮತ್ತೆ ಬರುವ ವಿಷಯ. ನಿಯಮ ಮೂರು ಸಾಲಿನಷ್ಟೇ. ಅದನ್ನು ಬಾಯಿಪಾಠ ಮಾಡಿದವರೂ ಎಡವುವುದಕ್ಕೆ ಒಂದು ಕಾರಣವಿದೆ. ‘ಕೊಲ್ಲಲ್ಪಟ್ಟಿತು’, ‘ಬರೆಯಲ್ಪಟ್ಟಿತು’ ಎಂದು ನಾವು ಯಾರೂ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಮಾತಾಡುವುದಿಲ್ಲ. ಯಾರು ಮಾಡಿದರು ಎನ್ನುವುದು ಬೇಡವಾದಾಗ ‘ಕಾಗದ ಬರೆದಾಯಿತು’ ಅನ್ನುತ್ತೇವೆ, ‘ಕಳ್ಳ ಸಿಕ್ಕಿಬಿದ್ದ’ ಅನ್ನುತ್ತೇವೆ, ‘ಪೊಲೀಸರು ಹಿಡಿದರಂತೆ’ ಅನ್ನುತ್ತೇವೆ. ಶಾಲೆಯಲ್ಲಿ ಕಲಿಸುವ ಕನ್ನಡ ವ್ಯಾಕರಣ ಬಹುಮಟ್ಟಿಗೆ ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿ ಬೆಳೆದು ಬಂದದ್ದು. ಇದನ್ನೇ ಪ್ರಶ್ನಿಸುತ್ತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ಆ ಚರ್ಚೆ ಏನೇ ಇರಲಿ, ಪರೀಕ್ಷೆ ಬರೆಯುವವರಿಗೆ ಇದರಿಂದ ಆಗುವ ಪರಿಣಾಮ ಒಂದೇ: ಉಳಿದ ವ್ಯಾಕರಣ ಪ್ರಶ್ನೆಗಳಲ್ಲಿ ತಪ್ಪು ಕೇಳಿದೊಡನೆ ಕಿವಿ ಎಚ್ಚರಿಸುತ್ತದೆ, ಇಲ್ಲಿ ಎಚ್ಚರಿಸುವುದಿಲ್ಲ. ‘ಹುಲಿಯು ಕೊಂದನು’ ಎಂದರೆ ಮೂರನೆಯ ತರಗತಿಯ ಮಗುವೂ ನಗುತ್ತದೆ. ‘ಹುಲಿಯು ಕೊಲ್ಲಲ್ಪಟ್ಟನು’ ಎಂದರೆ ದೊಡ್ಡವರಿಗೂ ಥಟ್ಟನೆ ಹೊಳೆಯುವುದಿಲ್ಲ, ಏಕೆಂದರೆ ಆ ರೂಪವೇ ಕಿವಿಗೆ ಹೊಸದು. ಆದ್ದರಿಂದ ಇದನ್ನು ಕಿವಿಗೆ ಬಿಡದೆ, ಕ್ರಮ ಹಿಡಿದು ಮಾಡಬೇಕು.

ಕ್ರಮ ಹೀಗಿದೆ. ಕರ್ತರಿ ವಾಕ್ಯದಲ್ಲಿ ಕರ್ತೃಪದ ಪ್ರಥಮಾ ವಿಭಕ್ತಿಯಲ್ಲಿರುತ್ತದೆ, ಕರ್ಮಪದ ದ್ವಿತೀಯಾ ವಿಭಕ್ತಿಯಲ್ಲಿರುತ್ತದೆ, ಕ್ರಿಯಾಪದ ಕರ್ತೃವಿನ ಲಿಂಗ, ವಚನ, ಪುರುಷಗಳನ್ನು ಅನುಸರಿಸುತ್ತದೆ. ಕರ್ಮಣಿಗೆ ಬಂದಾಗ ಕರ್ತೃಪದಕ್ಕೆ ತೃತೀಯಾ ವಿಭಕ್ತಿಯ ‘ಇಂದ’ ಸೇರುತ್ತದೆ. ಕರ್ಮಪದ ‘ಅನ್ನು’ ಬಿಟ್ಟು ಪ್ರಥಮಾ ವಿಭಕ್ತಿಗೆ ಬರುತ್ತದೆ. ಧಾತುವಿಗೆ ‘ಅಲ್ಪಡು’ ಸೇರಿ, ಹೊಸ ಕ್ರಿಯಾಪದ ಕರ್ಮದ ಲಿಂಗ, ವಚನ, ಪುರುಷಗಳನ್ನು ಅನುಸರಿಸುತ್ತದೆ. ಕಾಲ ಮಾತ್ರ ಹಿಂದಿನದೇ. ವಿಭಕ್ತಿಗಳ ಬದಲಾವಣೆ ಕಣ್ಣಿಗೆ ಕಾಣುವಂಥದ್ದು, ಅದರಲ್ಲಿ ತಪ್ಪುವವರು ಕಡಿಮೆ. ಅಂಕ ಹೋಗುವುದು ಕ್ರಿಯಾಪದದಲ್ಲಿ, ಅದರಲ್ಲೂ ಎರಡು ಕಡೆ: ಧಾತುವನ್ನು ಬಿಡಿಸುವಾಗ ಮತ್ತು ಕೊನೆಯ ಪ್ರತ್ಯಯ ಹಚ್ಚುವಾಗ.

ಧಾತುವಿನಿಂದ ಹೊರಡೋಣ. ‘ಓದಿದನು’ ಎಂಬುದರಲ್ಲಿ ‘ಓದು’ ಇದೆ ಎನ್ನುವುದು ಎಲ್ಲರಿಗೂ ಗೊತ್ತು. ‘ತಂದನು’, ‘ಕದ್ದನು’, ‘ನೆಟ್ಟನು’, ‘ಹೊತ್ತನು’, ‘ಕಿತ್ತನು’ ಬಂದಾಗ ತೊಡಕಾಗುತ್ತದೆ, ಏಕೆಂದರೆ ಭೂತಕಾಲದಲ್ಲಿ ಈ ಧಾತುಗಳು ಮುಖವನ್ನೇ ಬದಲಿಸಿಕೊಳ್ಳುತ್ತವೆ. ಗಾಬರಿಯಲ್ಲಿ ‘ತಂದಲ್ಪಟ್ಟಿತು’, ‘ನೆಟ್ಟಲ್ಪಟ್ಟಿತು’ ಎಂದು ಬರೆಯುತ್ತಾರೆ. ಇದಕ್ಕೆ ಒಂದು ಸುಲಭದ ಉಪಾಯವಿದೆ. ಆ ಕೆಲಸವನ್ನು ‘ಬೇಕು’ ಜೊತೆಗೆ, ‘ಅಲು’ ಬರುವ ಹಾಗೆ ಹೇಳಿ ನೋಡಿ: ತರಲು ಬೇಕು, ಕದಿಯಲು ಬೇಕು, ನೆಡಲು ಬೇಕು, ಹೊರಲು ಬೇಕು, ಕೀಳಲು ಬೇಕು. ಈಗ ಕೊನೆಯ ‘ಉ’ ತೆಗೆದು ‘ಪಡು’ ಸೇರಿಸಿದರೆ ತರಲ್ಪಡು, ಕದಿಯಲ್ಪಡು, ನೆಡಲ್ಪಡು, ಹೊರಲ್ಪಡು, ಕೀಳಲ್ಪಡು. ಬರೆ ಎಂಬಲ್ಲಿ ಯಕಾರ ಬಂದು ‘ಬರೆಯಲ್ಪಡು’ ಆಗುವುದು, ಓದು ಎಂಬಲ್ಲಿ ಉಕಾರ ಹೋಗಿ ‘ಓದಲ್ಪಡು’ ಆಗುವುದು, ಈ ಸಂಧಿಕಾರ್ಯಗಳೆಲ್ಲ ‘ಅಲು’ ರೂಪದಲ್ಲಿ ಆಗಲೇ ನಡೆದುಹೋಗಿರುತ್ತವೆ. ‘ಅಲು’ ರೂಪ ನಾವು ದಿನಾ ಆಡುವ ಮಾತು, ಅದರಲ್ಲಿ ಕಿವಿ ತಪ್ಪುವುದಿಲ್ಲ.

ಇಲ್ಲಿ ಒಂದು ಜೋಡಿಯನ್ನು ಹತ್ತಿರದಿಂದ ನೋಡಬೇಕು. ‘ರೈತನು ಎತ್ತುಗಳನ್ನು ಕೊಂಡನು’ ಮತ್ತು ‘ಹುಲಿಯು ಎತ್ತುಗಳನ್ನು ಕೊಂದಿತು’. ಮೊದಲನೆಯದರ ಧಾತು ‘ಕೊಳ್ಳು’, ಎರಡನೆಯದರದು ‘ಕೊಲ್ಲು’. ‘ರೈತನಿಂದ ಎತ್ತುಗಳು ಕೊಳ್ಳಲ್ಪಟ್ಟವು’ ಎಂದು ಬರೆಯಬೇಕಾದಲ್ಲಿ ಳಕಾರ ತಪ್ಪಿ ‘ಕೊಲ್ಲಲ್ಪಟ್ಟವು’ ಎಂದು ಬಿದ್ದರೆ ಸಂತೆಯಲ್ಲಿ ದುಡ್ಡು ಕೊಟ್ಟು ತಂದ ಎತ್ತುಗಳು ರೈತನ ಕೈಯಿಂದಲೇ ಸತ್ತುಹೋಗುತ್ತವೆ. ಲ-ಳ ವ್ಯತ್ಯಾಸ ಮಾತಿನಲ್ಲಿ ಸಡಿಲವಾಗಿರುವ ಕಡೆಯ ಮಕ್ಕಳು ಇದನ್ನು ಬರೆದು ಬರೆದು ರೂಢಿಸಿಕೊಳ್ಳಬೇಕು. ವಸ್ತುನಿಷ್ಠ ಪ್ರಶ್ನೆಯಲ್ಲಿ ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟರೆ, ಓದುವ ಅವಸರದಲ್ಲಿ ಕಣ್ಣು ಜಾರುವುದು ಸುಲಭ.

ಇನ್ನು ಮುಖ್ಯವಾದ ಜಾಗಕ್ಕೆ, ಕ್ರಿಯಾಪದದ ತುದಿಗೆ ಬರೋಣ. ಕರ್ಮಣಿಯಲ್ಲಿ ಕ್ರಿಯಾಪದ ಕರ್ತೃವಿನ ಮಾತು ಕೇಳುವುದನ್ನು ಬಿಟ್ಟು ಕರ್ಮದ ಮಾತು ಕೇಳುತ್ತದೆ. ‘ಇಂದ’ ಹಚ್ಚಿಕೊಂಡ ಪದಕ್ಕೆ ಕ್ರಿಯಾಪದದ ಮೇಲೆ ಯಾವ ಹಿಡಿತವೂ ಉಳಿಯುವುದಿಲ್ಲ. ಹಾಗಾಗಿ ನಾನು ಮಕ್ಕಳಿಗೆ ಹೇಳುವ ಅಭ್ಯಾಸ ಹೀಗಿದೆ: ಉತ್ತರ ಬರೆದಾದ ಮೇಲೆ ‘ಇಂದ’ ಇರುವ ಪದವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿ. ‘ಹುಲಿಯು ಕೊಲ್ಲಲ್ಪಟ್ಟನು’ ಎಂದು ಮಾತ್ರ ಉಳಿದಾಗ ಹುಲಿಗೆ ‘ಅನು’ ಹೇಗೆ ಬಂತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇನ್ನೂ ಅನುಮಾನವಿದ್ದರೆ ‘ಕೊಲ್ಲಲ್ಪಟ್ಟನು’ ಜಾಗದಲ್ಲಿ ‘ಬಿದ್ದನು’ ಇಟ್ಟು ನೋಡಿ. ಹುಲಿಯು ಬಿದ್ದಿತು, ಬೇಟೆಗಾರನು ಬಿದ್ದನು, ಹುಲಿಗಳು ಬಿದ್ದವು. ಬಿದ್ದಿತು ಎನ್ನುವಲ್ಲಿ ಪಟ್ಟಿತು, ಬಿದ್ದನು ಎನ್ನುವಲ್ಲಿ ಪಟ್ಟನು, ಬಿದ್ದವು ಎನ್ನುವಲ್ಲಿ ಪಟ್ಟವು. ಕಿವಿಗೆ ಪರಿಚಯವಿರುವ ಕ್ರಿಯಾಪದವನ್ನು ತಂದಿಟ್ಟೊಡನೆ ಅದು ಮತ್ತೆ ನೆರವಿಗೆ ಬರುತ್ತದೆ.

ಈ ಹೊಂದಾಣಿಕೆಯಲ್ಲಿ ಕನ್ನಡದ ಲಿಂಗವ್ಯವಸ್ಥೆಯ ಸೂಕ್ಷ್ಮಗಳೆಲ್ಲ ಬಂದು ಸೇರುತ್ತವೆ. ‘ಶಿಕ್ಷಕಿಯು ಮಗುವನ್ನು ಕರೆದಳು’ ಎಂಬುದು ‘ಶಿಕ್ಷಕಿಯಿಂದ ಮಗುವು ಕರೆಯಲ್ಪಟ್ಟಿತು’ ಆಗುತ್ತದೆ, ಏಕೆಂದರೆ ಮಗು ನಪುಂಸಕ. ಅದೇ ವಾಕ್ಯದಲ್ಲಿ ‘ಮಕ್ಕಳನ್ನು’ ಇದ್ದರೆ ‘ಮಕ್ಕಳು ಕರೆಯಲ್ಪಟ್ಟರು’. ಒಂದು ಮಗು ಪಟ್ಟಿತು, ಹಲವು ಮಕ್ಕಳು ಪಟ್ಟರು. ‘ಗಳು’ ಕಂಡ ಕೂಡಲೇ ‘ಪಟ್ಟವು’ ಬರೆಯುವ ಚಾಳಿಯೂ ಇದೆ. ‘ಊರಿನವರು ಗುರುಗಳನ್ನು ಸನ್ಮಾನಿಸಿದರು’ ಎಂಬಲ್ಲಿ ‘ಗಳು’ ಗೌರವಕ್ಕೆ ಬಂದದ್ದು, ಆದ್ದರಿಂದ ‘ಊರಿನವರಿಂದ ಗುರುಗಳು ಸನ್ಮಾನಿಸಲ್ಪಟ್ಟರು’. ಎತ್ತುಗಳು, ಮಡಕೆಗಳು, ಗಿಡಗಳು ಇದ್ದರೆ ಮಾತ್ರ ‘ಪಟ್ಟವು’.

ಕರ್ಮ ಸರ್ವನಾಮವಾಗಿದ್ದರೆ ಪುರುಷವೂ ಬದಲಾಗುತ್ತದೆ. ‘ಅಜ್ಜಿಯು ನನ್ನನ್ನು ಹೊಗಳಿದಳು’ ಎಂದರೆ ಕರ್ಮಣಿಯಲ್ಲಿ ‘ಅಜ್ಜಿಯಿಂದ ನಾನು ಹೊಗಳಲ್ಪಟ್ಟೆನು’. ‘ನಾನು ಹೊಗಳಲ್ಪಟ್ಟಳು’ ಎಂದು ಬರೆದರೆ ಅಜ್ಜಿಯ ‘ಅಳು’ ಉಳಿದುಕೊಂಡಿತೆಂದೇ ಅರ್ಥ. ತಿರುಗಿಸಿದರೂ ಹಾಗೆಯೇ: ‘ನಾನು ಹಕ್ಕಿಗಳನ್ನು ನೋಡಿದೆನು’ ಎಂಬುದು ‘ನನ್ನಿಂದ ಹಕ್ಕಿಗಳು ನೋಡಲ್ಪಟ್ಟವು’ ಆಗುತ್ತದೆ, ‘ನೋಡಲ್ಪಟ್ಟೆನು’ ಆಗುವುದಿಲ್ಲ.

ನಿಷೇಧದ ವಾಕ್ಯಗಳಲ್ಲಿ ಮಾತ್ರ ಈ ತೊಂದರೆ ಇಲ್ಲ. ‘ರೈತರು ಬೀಜವನ್ನು ಬಿತ್ತಲಿಲ್ಲ’ ಎಂಬುದು ‘ರೈತರಿಂದ ಬೀಜವು ಬಿತ್ತಲ್ಪಡಲಿಲ್ಲ’ ಆಗುತ್ತದೆ. ‘ಇಲ್ಲ’ ಎಂಬುದಕ್ಕೆ ಲಿಂಗ-ವಚನಗಳ ಹಂಗಿಲ್ಲ, ಹಾಗಾಗಿ ಅಲ್ಲಿ ನೋಡಿಕೊಳ್ಳಬೇಕಾದದ್ದು ‘ಅಲ್ಪಡು’ ಸೇರಿದೆಯೇ ಎಂಬುದೊಂದನ್ನೇ.

ಕಾಲದ ವಿಷಯದಲ್ಲಿ ಒಂದು ಮಾತು ಸಾಕು. ‘ಪಟ್ಟಿತು’ ಎಂಬ ಭೂತಕಾಲದ ರೂಪ ಉದಾಹರಣೆಗಳಲ್ಲಿ ಬಂದು ಬಂದು ಕೈಗೆ ಎಷ್ಟು ಹತ್ತಿರುತ್ತದೆ ಎಂದರೆ, ‘ಕಟ್ಟುತ್ತಾರೆ’ ಎಂದಿದ್ದರೂ ‘ಕಟ್ಟಲ್ಪಟ್ಟಿತು’ ಎಂದೇ ಬರೆಯುವವರಿದ್ದಾರೆ. ಮೂಲದಲ್ಲಿ ‘ಕಟ್ಟುತ್ತಾರೆ’ ಇದ್ದರೆ ‘ಕಟ್ಟಲ್ಪಡುತ್ತದೆ’, ‘ಕಟ್ಟುವರು’ ಇದ್ದರೆ ‘ಕಟ್ಟಲ್ಪಡುವುದು’, ‘ಕಟ್ಟಿದ್ದಾರೆ’ ಇದ್ದರೆ ‘ಕಟ್ಟಲ್ಪಟ್ಟಿದೆ’, ‘ಕಟ್ಟುತ್ತಿದ್ದರು’ ಇದ್ದರೆ ‘ಕಟ್ಟಲ್ಪಡುತ್ತಿತ್ತು’.

ಈಗ ನೇಮಕಾತಿ ಪರೀಕ್ಷೆಯ ಮಾದರಿಯಲ್ಲಿ ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ‘ಕುಂಬಾರನು ಮಡಕೆಗಳನ್ನು ಮಾಡುತ್ತಿದ್ದಾನೆ’ ಎಂಬ ವಾಕ್ಯದ ಕರ್ಮಣಿ ರೂಪ ಯಾವುದು?

ಅ) ಕುಂಬಾರನಿಂದ ಮಡಕೆಗಳನ್ನು ಮಾಡಲ್ಪಡುತ್ತಿದೆ
ಆ) ಕುಂಬಾರನಿಂದ ಮಡಕೆಗಳು ಮಾಡಲ್ಪಟ್ಟವು
ಇ) ಕುಂಬಾರನು ಮಡಕೆಗಳಿಂದ ಮಾಡಲ್ಪಡುತ್ತಿದ್ದಾನೆ
ಈ) ಕುಂಬಾರನಿಂದ ಮಡಕೆಗಳು ಮಾಡಲ್ಪಡುತ್ತಿವೆ

ಉತ್ತರಗಳನ್ನು ಓದುವ ಮೊದಲು ಮೂಲವಾಕ್ಯವನ್ನು ಬಿಡಿಸಿಕೊಳ್ಳಬೇಕು. ಮಾಡುವವನು ಕುಂಬಾರ. ಏನನ್ನು ಮಾಡುತ್ತಿದ್ದಾನೆ ಎಂದು ಕೇಳಿದರೆ ಮಡಕೆಗಳನ್ನು. ಕೆಲಸ ಈಗ ನಡೆಯುತ್ತಿದೆ, ಮುಗಿದಿಲ್ಲ. ಹಾಗಾದರೆ ಬೇಕಾದದ್ದು ‘ಕುಂಬಾರನಿಂದ’, ‘ಮಡಕೆಗಳು’, ‘ಮಾಡಲ್ಪಡು’ ಎಂಬುದರ ನಡೆಯುತ್ತಿರುವ ರೂಪ, ಅದೂ ನಪುಂಸಕ ಬಹುವಚನದಲ್ಲಿ. ಮಡಕೆಗಳು ಬೀಳುತ್ತಿವೆ ಎನ್ನುತ್ತೇವೆ, ಆದ್ದರಿಂದ ‘ಮಾಡಲ್ಪಡುತ್ತಿವೆ’. ‘ಅ’ ಎಂಬುದರಲ್ಲಿ ‘ಅನ್ನು’ ಉಳಿದಿದೆ, ಮಡಕೆಗಳ ಬಹುವಚನ ಕ್ರಿಯಾಪದಕ್ಕೆ ತಲುಪಿಯೂ ಇಲ್ಲ. ‘ಆ’ ವಿಭಕ್ತಿಯಲ್ಲಿ ಸರಿ, ಹೊಂದಾಣಿಕೆಯಲ್ಲೂ ಸರಿ, ಆದರೆ ಕಾಲ ತಪ್ಪಿದೆ, ಇನ್ನೂ ತಿಗರಿಯ ಮೇಲಿರುವ ಮಡಕೆಗಳನ್ನು ಅದು ಮುಗಿಸಿಬಿಟ್ಟಿದೆ. ‘ಇ’ಯಲ್ಲಿ ‘ಇಂದ’ ಕರ್ಮಕ್ಕೆ ಹೋಗಿ ಕುಂಬಾರನೇ ಮಡಕೆಗಳಿಂದ ತಯಾರಾಗುತ್ತಿದ್ದಾನೆ. ಉತ್ತರ ‘ಈ’. ಇವುಗಳಲ್ಲಿ ಹೆಚ್ಚು ಜನರನ್ನು ಸೆಳೆಯುವುದು ‘ಆ’, ಏಕೆಂದರೆ ಅದರಲ್ಲಿ ಒಂದೇ ಒಂದು ದೋಷವಿದೆ.

‘ಅ’ ಎಂಬ ತಪ್ಪು ಎಲ್ಲಿಂದ ಬರುತ್ತದೆ ಎನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪತ್ರಿಕೆಗಳನ್ನೂ ಸರ್ಕಾರಿ ಸುತ್ತೋಲೆಗಳನ್ನೂ ಓದುತ್ತಾರೆ. ಅಲ್ಲಿ ‘ಆರೋಪಿಗಳನ್ನು ಬಂಧಿಸಲಾಯಿತು’, ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’, ‘ಸಭೆಯನ್ನು ಮುಂದೂಡಲಾಗಿದೆ’ ಎಂಬ ವಾಕ್ಯಗಳು ಪ್ರತಿ ಪುಟದಲ್ಲೂ ಇರುತ್ತವೆ. ಇವು ಮಾಡಿದವರ ಹೆಸರು ಹೇಳದ ವಾಕ್ಯಗಳು, ಭಾವದಲ್ಲಿ ಕರ್ಮಣಿಗೆ ಹತ್ತಿರ. ಆದರೆ ರಚನೆ ಬೇರೆ. ಇಲ್ಲಿ ‘ಆರೋಪಿಗಳನ್ನು’ ಎಂಬ ದ್ವಿತೀಯಾ ವಿಭಕ್ತಿ ಹಾಗೆಯೇ ಇದೆ. ಆರೋಪಿ ಒಬ್ಬನಿರಲಿ, ಹತ್ತು ಜನರಿರಲಿ, ಹೆಂಗಸಿರಲಿ, ‘ಬಂಧಿಸಲಾಯಿತು’ ಎಂಬುದು ಬದಲಾಗುವುದಿಲ್ಲ, ಅದು ಯಾವಾಗಲೂ ನಪುಂಸಕ ಏಕವಚನ. ಶಾಲಾ ವ್ಯಾಕರಣ ಹೇಳುವ ಕರ್ಮಣಿಯಾದರೆ ‘ಪೊಲೀಸರಿಂದ ಆರೋಪಿಗಳು ಬಂಧಿಸಲ್ಪಟ್ಟರು’, ‘ಪೊಲೀಸರಿಂದ ಆರೋಪಿಯು ಬಂಧಿಸಲ್ಪಟ್ಟಳು’ ಎಂದು ತುದಿ ಬದಲಾಗುತ್ತಲೇ ಇರಬೇಕು.

ದಿನಬಳಕೆಯ ಬರವಣಿಗೆಯಲ್ಲಿ ‘ಲಾಯಿತು’ ಸಲೀಸಾಗಿ ಹರಿಯುತ್ತದೆ, ‘ಅಲ್ಪಟ್ಟಿತು’ ಭಾರವಾಗಿರುತ್ತದೆ. ವರದಿ ಬರೆಯುವವರಿಗೆ ನಾನು ಮೊದಲನೆಯದನ್ನೇ ಬಳಸಿ ಎನ್ನುತ್ತೇನೆ. ಆದರೆ ಪರೀಕ್ಷೆಯಲ್ಲಿ ‘ಕರ್ಮಣಿ ಪ್ರಯೋಗಕ್ಕೆ ಪರಿವರ್ತಿಸಿ’ ಎಂದರೆ ಕೇಳುತ್ತಿರುವುದು ‘ಅಲ್ಪಡು’ ರೂಪವನ್ನು. ದೊಡ್ಡ ಅಪಾಯ ಇರುವುದು ಎರಡನ್ನೂ ಅರ್ಧರ್ಧ ಬೆರೆಸಿದಾಗ. ‘ಆರೋಪಿಗಳನ್ನು ಬಂಧಿಸಲ್ಪಟ್ಟಿತು’ ತಪ್ಪು, ‘ಆರೋಪಿಗಳು ಬಂಧಿಸಲಾಯಿತು’ ಕೂಡ ತಪ್ಪು. ‘ಅನ್ನು’ ಇದ್ದರೆ ‘ಲಾಯಿತು’, ‘ಅನ್ನು’ ಹೋದರೆ ‘ಪಟ್ಟರು’. ಇಂದಿನ ಯಾವುದಾದರೂ ಪತ್ರಿಕೆಯ ಜಿಲ್ಲಾ ಪುಟ ತೆರೆದು ‘ಲಾಯಿತು’, ‘ಲಾಗಿದೆ’ ಇರುವ ನಾಲ್ಕೈದು ವಾಕ್ಯಗಳನ್ನು ‘ಅಲ್ಪಡು’ ರೂಪಕ್ಕೆ ತಂದು ನೋಡಿದರೆ ಈ ವ್ಯತ್ಯಾಸ ಕೈಗೆ ಸಿಗುತ್ತದೆ, ಅದಕ್ಕೆ ಬೇರೆ ಗೈಡ್ ಬೇಕಿಲ್ಲ.

ಎಲ್ಲ ವಾಕ್ಯಗಳೂ ಕರ್ಮಣಿಗೆ ಬರುವುದಿಲ್ಲ ಎನ್ನುವುದನ್ನೇ ಪ್ರಶ್ನೆಯಾಗಿ ಕೇಳಲೂಬಹುದು. ಕರ್ಮವಿಲ್ಲದ ವಾಕ್ಯದಲ್ಲಿ ಕ್ರಿಯಾಪದ ಮಾತು ಕೇಳಲು ಯಾರೂ ಇಲ್ಲ. ‘ಮಗು ಮಲಗಿತು’, ‘ಹುಡುಗರು ಶಾಲೆಗೆ ಹೋದರು’ ಇವು ಬದಲಾಗವು. ‘ಶಾಲೆಗೆ’ ಎಂಬುದನ್ನು ಕರ್ಮವೆಂದು ಭ್ರಮಿಸಿ ‘ಹುಡುಗರಿಂದ ಶಾಲೆಯು ಹೋಗಲ್ಪಟ್ಟಿತು’ ಎಂದು ಬರೆಯುವವರೂ ಉಂಟು. ‘ಗೆ’ ಇರುವುದು ಚತುರ್ಥಿ, ಅದು ಕರ್ಮವಲ್ಲ. ಏನನ್ನು, ಯಾರನ್ನು ಎಂಬ ಪ್ರಶ್ನೆಗೆ ಉತ್ತರ ಬಂದರೆ ಮಾತ್ರ ಕರ್ಮ. ಈ ಪ್ರಶ್ನೆ ಇನ್ನೊಂದು ಕಡೆಯೂ ಬೇಕಾಗುತ್ತದೆ, ಏಕೆಂದರೆ ಕನ್ನಡದಲ್ಲಿ ‘ಅನ್ನು’ ಎಷ್ಟೋ ಸಲ ಕಾಣಿಸುವುದೇ ಇಲ್ಲ. ‘ಶಿಲ್ಪಿ ವಿಗ್ರಹ ಕೆತ್ತಿದನು’ ಎಂಬಲ್ಲಿ ಎರಡು ಪದಕ್ಕೂ ಪ್ರತ್ಯಯ ಕಾಣುವುದಿಲ್ಲ. ಏನನ್ನು ಕೆತ್ತಿದನು ಎಂದು ಕೇಳಿಕೊಂಡರೆ ‘ಶಿಲ್ಪಿಯಿಂದ ವಿಗ್ರಹವು ಕೆತ್ತಲ್ಪಟ್ಟಿತು’ ಎಂದು ಬರುತ್ತದೆ.

ಅದೇ ಮಲಗುವ ಮಗುವಿನ ವಾಕ್ಯಕ್ಕೆ ತಾಯಿ ಬಂದರೆ ಸಂಗತಿ ಬೇರೆಯಾಗುತ್ತದೆ. ‘ತಾಯಿಯು ಮಗುವನ್ನು ಮಲಗಿಸಿದಳು’ ಎಂದಾಗ ‘ಇಸು’ ಸೇರಿ ಅಕರ್ಮಕ ಧಾತು ಸಕರ್ಮಕವಾಯಿತು. ಆಗ ‘ತಾಯಿಯಿಂದ ಮಗುವು ಮಲಗಿಸಲ್ಪಟ್ಟಿತು’ ಎನ್ನಬಹುದು. ಈ ‘ಇಸು’ವನ್ನು ಬೀಳಿಸದೆ ಸಾಗಿಸುವುದು ಮುಖ್ಯ. ಇತಿಹಾಸದ ವಾಕ್ಯ ತೆಗೆದುಕೊಳ್ಳೋಣ: ‘ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದನು.’ ಇದರ ಕರ್ಮಣಿ ‘ವಿಷ್ಣುವರ್ಧನನಿಂದ 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವು ಕಟ್ಟಿಸಲ್ಪಟ್ಟಿತು.’ ‘ಕಟ್ಟಲ್ಪಟ್ಟಿತು’ ಎಂದರೆ ಅರಸನೇ ಉಳಿ-ಸುತ್ತಿಗೆ ಹಿಡಿದು ಕೂತಂತಾಗುತ್ತದೆ, ಮೂಲದ ಅರ್ಥ ಹೋಗುತ್ತದೆ. ಇಸವಿ, ಊರು, ವಿಶೇಷಣ ಇವೆಲ್ಲ ಇದ್ದಲ್ಲೇ ಇರುತ್ತವೆ, ಅವನ್ನು ಮುಟ್ಟಬೇಕಾಗಿಲ್ಲ.

ಎರಡು ಕರ್ಮಗಳಂತೆ ಕಾಣುವ ವಾಕ್ಯಗಳಲ್ಲಿ ಇಂಗ್ಲಿಷ್ ಕಲಿಕೆ ಅಡ್ಡ ಬರುತ್ತದೆ. ‘ಗುರುಗಳು ಶಿಷ್ಯನಿಗೆ ಪುಸ್ತಕವನ್ನು ಕೊಟ್ಟರು’ ಎಂಬ ಬಗೆಯ ವಾಕ್ಯವನ್ನು ಇಂಗ್ಲಿಷಿನಲ್ಲಿ ಶಿಷ್ಯನಿಂದಲೂ ಆರಂಭಿಸಿ ಬದಲಿಸಬಹುದು, ಪುಸ್ತಕದಿಂದಲೂ ಆರಂಭಿಸಿ ಬದಲಿಸಬಹುದು. ಅದೇ ಧಾಟಿಯಲ್ಲಿ ಕನ್ನಡದಲ್ಲಿ ‘ಶಿಷ್ಯನು ಪುಸ್ತಕವನ್ನು ಕೊಡಲ್ಪಟ್ಟನು’ ಎಂದು ಬರೆದರೆ ಅದು ವಾಕ್ಯವೇ ಅಲ್ಲ. ಕನ್ನಡದಲ್ಲಿ ‘ಅನ್ನು’ ಹೊತ್ತ ಪದಕ್ಕೆ ಮಾತ್ರ ಪ್ರಥಮಾ ವಿಭಕ್ತಿಗೆ ಏರುವ ಅವಕಾಶ. ‘ಶಿಷ್ಯನಿಗೆ’ ಎಂಬುದು ಚತುರ್ಥಿಯಲ್ಲೇ ಉಳಿದು ‘ಗುರುಗಳಿಂದ ಶಿಷ್ಯನಿಗೆ ಪುಸ್ತಕವು ಕೊಡಲ್ಪಟ್ಟಿತು’ ಎಂದಾಗುತ್ತದೆ. ಎರಡು ಭಾಷೆಯ ವ್ಯಾಕರಣವನ್ನೂ ಒಂದೇ ವರ್ಷದಲ್ಲಿ ಓದುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಅವರು ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುವುದು ಸಹಜ.

ಕರ್ಮಣಿಯಿಂದ ಕರ್ತರಿಗೆ ಮರಳುವ ಪ್ರಶ್ನೆ ಇನ್ನೂ ಸ್ವಲ್ಪ ಎಚ್ಚರ ಬೇಡುತ್ತದೆ. ‘ವಿದ್ಯಾರ್ಥಿಗಳಿಂದ ಗಿಡಗಳು ನೆಡಲ್ಪಟ್ಟವು’ ಎಂದು ಕೊಟ್ಟರೆ ಮೊದಲು ‘ಅಲ್ಪಡು’ ತೆಗೆದು ಧಾತುವನ್ನು ಕಾಣಬೇಕು: ನೆಡು. ಕಾಲ ಭೂತ. ಕರ್ತೃ ವಿದ್ಯಾರ್ಥಿಗಳು, ಆದ್ದರಿಂದ ಕ್ರಿಯಾಪದ ಅವರಿಗೆ ಹೊಂದಬೇಕು. ‘ವಿದ್ಯಾರ್ಥಿಗಳು ಗಿಡಗಳನ್ನು ನೆಟ್ಟರು.’ ಇಲ್ಲಿ ಗಿಡಗಳ ‘ಅವು’ ಅಂಟಿಕೊಂಡು ‘ನೆಟ್ಟವು’ ಎಂದಾಗುವ ಭಯ ಒಂದು, ‘ನೆಡಿದರು’ ಎಂಬ ಇಲ್ಲದ ರೂಪ ಹುಟ್ಟುವ ಭಯ ಇನ್ನೊಂದು. ಆದರೆ ಕರ್ತರಿ ರೂಪ ನಮ್ಮ ಮಾತಿನದೇ ಆದ್ದರಿಂದ ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ತಪ್ಪು ತಾನೇ ಸಿಕ್ಕಿಬೀಳುತ್ತದೆ.

ಮರಳಿಸುವಾಗಿನ ಇನ್ನೊಂದು ತೊಡಕು ‘ಇಂದ’ದ್ದು. ಅದು ಕರ್ತೃವಿಗೂ ಬರುತ್ತದೆ, ಕೆಲಸದ ಸಾಧನಕ್ಕೂ ಬರುತ್ತದೆ. ‘ರೈತನು ಕುಡುಗೋಲಿನಿಂದ ಹುಲ್ಲನ್ನು ಕೊಯ್ದನು’ ಎಂಬುದನ್ನು ಕರ್ಮಣಿಗೆ ತಂದರೆ ‘ರೈತನಿಂದ ಕುಡುಗೋಲಿನಿಂದ ಹುಲ್ಲು ಕೊಯ್ಯಲ್ಪಟ್ಟಿತು’ ಎಂದು ಎರಡು ‘ಇಂದ’ ಅಕ್ಕಪಕ್ಕ ನಿಲ್ಲುತ್ತವೆ. ಕೇಳಲು ಹಿತವಿಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ. ತಿರುಗಿಸುವಾಗ ಯಾವ ‘ಇಂದ’ವನ್ನು ಬಿಡಿಸಬೇಕು? ಕೆಲಸ ಮಾಡುವ ಶಕ್ತಿ ಯಾರಿಗಿದೆ ಎಂದು ಕೇಳಿಕೊಂಡರೆ ರೈತನಿಗೆ, ಕುಡುಗೋಲಿಗಲ್ಲ. ಹಾಗಾಗಿ ರೈತನ ‘ಇಂದ’ ಹೋಗುತ್ತದೆ, ಕುಡುಗೋಲಿನದು ಉಳಿಯುತ್ತದೆ.

ಇದೇ ಬಗೆಯಲ್ಲಿ ‘ಮರವು ಕೊಡಲಿಯಿಂದ ಕಡಿಯಲ್ಪಟ್ಟಿತು’ ಎಂದು ಮಾತ್ರ ಕೊಟ್ಟರೆ ಇನ್ನೂ ಸೂಕ್ಷ್ಮ. ‘ಕೊಡಲಿಯು ಮರವನ್ನು ಕಡಿಯಿತು’ ಎಂದು ಬರೆಯಲು ಕೈ ಓಡುತ್ತದೆ. ಆದರೆ ಈ ವಾಕ್ಯದಲ್ಲಿ ಕರ್ತೃವೇ ಇಲ್ಲ, ಇರುವುದು ಸಾಧನ ಮಾತ್ರ. ಕರ್ಮಣಿಯಲ್ಲಿ ಕರ್ತೃವನ್ನು ಹೇಳದೆ ಬಿಡಬಹುದು, ಕರ್ತರಿಯಲ್ಲಿ ಯಾರಾದರೊಬ್ಬರು ಬೇಕೇ ಬೇಕು. ವಿವರಣಾತ್ಮಕ ಉತ್ತರವಾದರೆ ‘ಮರಕಡಿಯುವವನು ಕೊಡಲಿಯಿಂದ ಮರವನ್ನು ಕಡಿದನು’ ಎಂದು ಸಂದರ್ಭಕ್ಕೆ ತಕ್ಕ ಕರ್ತೃವನ್ನು ಸೇರಿಸಿ ಬರೆಯಬೇಕು. ವಸ್ತುನಿಷ್ಠ ಪ್ರಶ್ನೆಯಾದರೆ ‘ಕೊಡಲಿಯಿಂದ’ ಎಂಬುದನ್ನು ಹಾಗೆಯೇ ಉಳಿಸಿಕೊಂಡು ಕರ್ತೃವನ್ನು ತಂದಿರುವ ಆಯ್ಕೆಯನ್ನು ಹುಡುಕಬೇಕು.